ಬ್ಯಾಟಿನ ನಂಬರ್ ವಯಸ್ಸಿನಿಂದಲ್ಲ, ಎತ್ತರದಿಂದ: ಲಿಸ್ಟಿಂಗ್ ಬರೆದ ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದು ಆಟದ ಸಾಮಾನಿನ ಅಂಗಡಿ. ಈಗ ಅಂಗಡಿಗೆ ಬಂದು ಕೊಳ್ಳುವವರಷ್ಟೇ ಜನ ಫೋನಿನಲ್ಲಿ ನೋಡಿ ತರಿಸಿಕೊಳ್ಳುತ್ತಾರೆ. ಸೇಡಂ, ಚಿತ್ತಾಪುರ, ಆಳಂದ, ಆಚೆ ಶಹಾಪುರ, ಸುರಪುರದಿಂದಲೂ ಆರ್ಡರ್ ಬರುತ್ತದೆ. ಒಂದೊಂದು ಸಾಮಾನಿಗೂ ಫೋಟೊ ಹಾಕಿ, ಅದರ ಕೆಳಗೆ ವಿವರ ಬರೆಯುವ ಕೆಲಸ, ಅಂದರೆ ಲಿಸ್ಟಿಂಗ್, ನನ್ನದು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ತಲೆ ಓಡಿಸಬೇಕಾಗಿ ಬಂದದ್ದು ಮಕ್ಕಳ ಬ್ಯಾಟಿಗೆ. ದೊಡ್ಡವರಿಗೆ ಶಾರ್ಟ್ ಹ್ಯಾಂಡಲ್ ಸೈಜ್ ಅಂದರೆ ಮುಗಿಯಿತು. ಮಕ್ಕಳಿಗೆ ಒಂದರಿಂದ ಆರರವರೆಗೆ ನಂಬರ್, ಅದರ ಮೇಲೆ ಹ್ಯಾರೋ ಅನ್ನುವ ಇನ್ನೊಂದು ಸೈಜ್. ದೂರದಲ್ಲಿರುವ ಹುಡುಗನನ್ನು ನೋಡದೆ ಇಷ್ಟರಲ್ಲಿ ಒಂದನ್ನು ಆರಿಸಬೇಕು.

ಬ್ಯಾಟ್ ಕಂಪನಿಗಳು ಕೊಡುವ ಸೈಜ್ ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಎತ್ತರಕ್ಕೊಂದು, ವಯಸ್ಸಿಗೊಂದು ಕಾಲಂ ಇರುತ್ತದೆ. ಪಾಲಕರು ನೋಡುವುದು ವಯಸ್ಸಿನದ್ದನ್ನೇ. ಮಗನಿಗೆ ಎಷ್ಟು ವರ್ಷ ಅಂತ ಯಾರಿಗಾದರೂ ಗೊತ್ತಿರುತ್ತದೆ. ಎಷ್ಟು ಎತ್ತರ ಅಂತ ಕೇಳಿದರೆ ಗೋಡೆ ನೋಡುತ್ತಾರೆ. ಆದರೆ ಆ ಎರಡು ಕಾಲಂ ಒಂದಕ್ಕೊಂದು ಹೊಂದುವುದೇ ಇಲ್ಲ.

ಮೂರನೇ ನಂಬರ್ ಬ್ಯಾಟಿನ ಸಾಲು ನೋಡಿ. ಹೆಚ್ಚಿನ ಚಾರ್ಟ್‌ಗಳಲ್ಲಿ ಇದಕ್ಕೆ ಎತ್ತರ 4 ಅಡಿ 6 ಇಂಚಿನಿಂದ 4 ಅಡಿ 9 ಇಂಚು, ಅಂದರೆ 137ರಿಂದ 145 ಸೆಂಟಿಮೀಟರ್. ಪಕ್ಕದಲ್ಲಿ ವಯಸ್ಸು 8 ವರ್ಷ ಅಂತ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ತೆಗೆದು ನೋಡಿದರೆ, 8 ವರ್ಷದ ಹುಡುಗನ ನಡುಮಟ್ಟದ ಎತ್ತರ ಸುಮಾರು 127 ಸೆಂಟಿಮೀಟರ್. 137 ಮುಟ್ಟುವ ಹೊತ್ತಿಗೆ ಅವನಿಗೆ 10 ತುಂಬುತ್ತಾ ಬಂದಿರುತ್ತದೆ. ಅಂದರೆ ಒಂದೇ ಸಾಲಿನಲ್ಲಿ ಸುಮಾರು ಎರಡು ವರ್ಷದ ಅಂತರ. ಎಂಟು ವರ್ಷದ ಹುಡುಗನಿಗೆ ವಯಸ್ಸು ನೋಡಿ ಮೂರನೇ ನಂಬರ್ ಕೊಟ್ಟರೆ, ಎತ್ತರ ನೋಡಿದವರು ಅದೇ ಹುಡುಗನಿಗೆ ಒಂದನೇ ನಂಬರ್ ಕೊಡುತ್ತಾರೆ. ಇಬ್ಬರೂ ನೋಡಿದ್ದು ಅದೇ ಚಾರ್ಟ್!

ಹೆಣ್ಣುಮಕ್ಕಳ ವಿಷಯದಲ್ಲಂತೂ ವಯಸ್ಸಿನ ಕಾಲಂ ಇನ್ನೂ ಕೈ ಕೊಡುತ್ತದೆ. ಹುಡುಗಿಯರು ಬೇಗ ಎತ್ತರ ಆಗುತ್ತಾರೆ. ಅದೇ ಪಟ್ಟಿಯಲ್ಲಿ 11 ವರ್ಷಕ್ಕೆ ಹುಡುಗಿಯ ನಡುಮಟ್ಟ 145, ಹುಡುಗನದು 143. ಆಮೇಲೆ ಹುಡುಗರು ಮುಂದೆ ಹೋಗುತ್ತಾರೆ. ಇಬ್ಬರಿಗೂ ಒಂದೇ ವಯಸ್ಸಿನ ಕಾಲಂ ಹೇಗೆ ಸರಿ ಹೋಗುತ್ತದೆ, ಹೇಳಿ.

ಹಾಗಾಗಿ ನಮ್ಮ ಲಿಸ್ಟಿಂಗ್‌ನಿಂದ ವಯಸ್ಸಿನ ಕಾಲಂ ತೆಗೆದು ಹಾಕಿದೆ. ವಯಸ್ಸನ್ನು ಈಗಲೂ ಕೇಳುತ್ತೇನೆ, ಆದರೆ ಬೇರೆ ಕಾರಣಕ್ಕೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ತೊಡಕು ಎತ್ತರ ತಿಳಿದುಕೊಳ್ಳುವುದೇ. ನಮ್ಮ ಕಡೆ ಜನ ಎತ್ತರವನ್ನು ಅಡಿ ಇಂಚಿನಲ್ಲಿ ಹೇಳುತ್ತಾರೆ, ಬರೆಯುವಾಗ ನಡುವೆ ಚುಕ್ಕಿ ಇಡುತ್ತಾರೆ. "4.8 ಅದಾನ್ರೀ" ಅಂದರೆ 4 ಅಡಿ 8 ಇಂಚು, 142 ಸೆಂಟಿಮೀಟರ್. ಅದನ್ನೇ ದಶಮಾಂಶ ಅಂತ ಓದಿದರೆ 146 ಆಗುತ್ತದೆ. ಇನ್ನೂ ಕೆಟ್ಟದ್ದು 4.10. ಆರ್ಡರ್ ಬರೆದುಕೊಳ್ಳುವ ಶೀಟಿನಲ್ಲಿ 4.10 ಅಂತ ಹಾಕಿದರೆ ಕಂಪ್ಯೂಟರ್ ಕೊನೆಯ ಸೊನ್ನೆ ಹಾರಿಸಿ 4.1 ಮಾಡುತ್ತದೆ. 4 ಅಡಿ 10 ಇಂಚಿನ ಹುಡುಗ 4 ಅಡಿ 1 ಇಂಚಿನವನಾಗುತ್ತಾನೆ. ನಾಲ್ಕನೇ ನಂಬರ್ ಹೋಗಬೇಕಾದಲ್ಲಿ ಒಂದನೇ ನಂಬರ್ ಹೋಗುತ್ತದೆ. ಅದಕ್ಕೆ ಸೆಂಟಿಮೀಟರ್ ಮಾತ್ರ ಬರೆಯಿರಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಮನೆಯಲ್ಲಿ ದರ್ಜಿ ಟೇಪ್ ಇದ್ದೇ ಇರುತ್ತದೆ, ಅದರ ಒಂದು ಬದಿಯಲ್ಲಿ ಸೆಂಟಿಮೀಟರ್ ಇರುತ್ತದೆ. ಅಳೆಯುವ ಬಗೆಯನ್ನು ಹೀಗೆ ಬರೆದಿದ್ದೇನೆ: "ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ತಲೆಯ ಮೇಲೆ ಒಂದು ದಪ್ಪ ನೋಟ್‌ಬುಕ್ ಅಡ್ಡಡ್ಡ ಇಟ್ಟು, ಅದರ ಅಂಚು ಗೋಡೆಗೆ ಒತ್ತಿರಲಿ. ಅಡಿಯಲ್ಲಿ ಪೆನ್ಸಿಲ್ ಗೆರೆ ಹಾಕಿ. ಹುಡುಗನನ್ನು ಸರಿಸಿ ನೆಲದಿಂದ ಗೆರೆವರೆಗೆ ಅಳೆಯಿರಿ." ನೋಟ್‌ಬುಕ್ ಇಲ್ಲದೆ ಕೈಯಿಂದ ಅಂದಾಜು ಮಾಡಿದರೆ ಎರಡು ಮೂರು ಸೆಂಟಿಮೀಟರ್ ಸುಮ್ನೆ ಸೇರಿಕೊಳ್ಳುತ್ತದೆ.

ಎರಡನೇ ತೊಡಕು ಬ್ಯಾಟಿನ ಕಡೆಯದು. ನಂಬರ್ ಅನ್ನುವುದಕ್ಕೆ ಯಾವ ಕಾನೂನೂ ಇಲ್ಲ. ಕ್ರಿಕೆಟ್ ನಿಯಮದಲ್ಲಿ ಬ್ಯಾಟ್ ಒಟ್ಟು 38 ಇಂಚಿಗಿಂತ ಉದ್ದ ಇರಬಾರದು, ಅಗಲ ನಾಲ್ಕೂಕಾಲು ಇಂಚು ಮೀರಬಾರದು ಅಂತಿದೆ. ಆದರೆ ಐದನೇ ನಂಬರ್ ಅಂದರೆ ಇಂತಿಷ್ಟೇ ಉದ್ದ ಅಂತ ಎಲ್ಲೂ ಇಲ್ಲ, ತೂಕದ ಮಿತಿಯೂ ಇಲ್ಲ. ಒಂದು ನಂಬರಿಗೆ ಸುಮಾರು ಒಂದು ಇಂಚು ಜಾಸ್ತಿ ಅನ್ನುವುದು ರೂಢಿ. ಮೂರನೇ ನಂಬರ್ ಹತ್ತಿರಹತ್ತಿರ 28.75 ಇಂಚು, ನಾಲ್ಕನೆಯದು 29.75, ಐದನೆಯದು 30.75. ಒಂದು ಕಂಪನಿಯ ನಾಲ್ಕು ಮತ್ತೊಂದರ ಐದಕ್ಕೆ ಸಮ ಬರುವುದೂ ಉಂಟು. ಹಾಗಾಗಿ ಸ್ಟಿಕರ್ ಮೇಲಿನ ನಂಬರ್ ನಂಬದೆ, ಪ್ರತಿ ಬ್ಯಾಟನ್ನೂ ಬುಡದಿಂದ ಹಿಡಿಕೆಯ ತುದಿವರೆಗೆ ಅಳೆದು ಬರೆಯುತ್ತೇನೆ. ಜೊತೆಗೆ ತಕ್ಕಡಿಯಲ್ಲಿಟ್ಟು ತೂಕವನ್ನೂ ಬರೆಯುತ್ತೇನೆ. ಮಕ್ಕಳ ಬ್ಯಾಟು ಹೆಚ್ಚಾಗಿ ಕಾಶ್ಮೀರ್ ವಿಲ್ಲೋ. ಇಂಗ್ಲಿಷ್ ವಿಲ್ಲೋಗಿಂತ ಅದು ಸ್ವಲ್ಪ ಗಟ್ಟಿ, ಸ್ವಲ್ಪ ಭಾರ. ಒಂದೇ ಕಂಪನಿ, ಒಂದೇ ನಂಬರ್, ಒಂದೇ ಪೆಟ್ಟಿಗೆಯಿಂದ ಬಂದ ಎರಡು ಬ್ಯಾಟಿನ ನಡುವೆ 100 ಗ್ರಾಂ ವ್ಯತ್ಯಾಸ ಸಿಗುತ್ತದೆ. ಹತ್ತು ವರ್ಷದ ಮಗುವಿನ ಮಣಿಕಟ್ಟಿಗೆ ಅದು ದೊಡ್ಡ ಲೆಕ್ಕ.

ಈಗ ಒಂದು ಆರ್ಡರ್ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಶಹಾಪುರದ ಒಬ್ಬರು ಫೋನ್ ಮಾಡಿದ್ದರು.

"ಹುಡುಗಗ ಹನ್ನೊಂದು ತುಂಬ್ಯಾವ್ರೀ. ಬೇಸಿಗೆ ಕ್ಯಾಂಪಿಗೆ ಹಾಕೀವಿ, ಲೆದರ್ ಬಾಲ್. ಐದನೇ ನಂಬರ್ ಅಂತ ಬರ್ದಾರ ಚಾರ್ಟಿನ್ಯಾಗ. ಬೆಳಿಯೋ ಹುಡುಗ ಅದಾನ, ಆರನೇದೇ ಕೊಟ್ಟುಬಿಡ್ರಿ."

"ಎತ್ತರ ಎಷ್ಟದಾನ್ರೀ ಅಣ್ಣಾರ?"

ಗೊತ್ತಿರಲಿಲ್ಲ. ಅಳೆಯುವ ಬಗೆ ಕಳಿಸಿದೆ. ಸಂಜೆ 142 ಅಂತ ಉತ್ತರ ಬಂತು. ಎತ್ತರದ ಪ್ರಕಾರ ಅವನು ಮೂರನೇ ನಂಬರಿನ ಮೇಲಿನ ಅಂಚಿನಲ್ಲಿದ್ದ. 145 ದಾಟಿದರೆ ನಾಲ್ಕು. ತಂದೆ ಕೇಳಿದ ಆರನೆಯದು 157 ಸೆಂಟಿಮೀಟರ್ ಮೇಲಿನವರಿಗೆ. ಮೂರನೆಯದಕ್ಕೂ ಆರನೆಯದಕ್ಕೂ ಮೂರು ಇಂಚಿನ ಅಂತರ.

ವಯಸ್ಸು ನನಗೆ ಬೇಕಾಗುವುದು ಇಲ್ಲಿ. ಎಂಟು, ಒಂಬತ್ತು ವರ್ಷದ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಹನ್ನೆರಡು, ಹದಿಮೂರರ ಹುಡುಗರು ಒಮ್ಮೆಲೇ ಜಿಗಿಯುತ್ತಾರೆ. ಇವನಿಗೆ ಹನ್ನೊಂದು, ಅಂಚಿಗೆ ಮೂರು ಸೆಂಟಿಮೀಟರ್ ಬಾಕಿ. ಆರು ತಿಂಗಳಲ್ಲಿ ದಾಟುತ್ತಾನೆ. ಹಾಗಾಗಿ ನಾಲ್ಕನೇ ನಂಬರ್ ಕೊಡಬಹುದು, ಆದರೆ ಹಗುರವಾದದ್ದನ್ನು. ಅಂಗಡಿಯಲ್ಲಿ ನಾಲ್ಕನೇ ನಂಬರಿನ ಎರಡು ಬ್ಯಾಟು ಇದ್ದವು. ಒಂದು 980 ಗ್ರಾಂ, ಇನ್ನೊಂದು 880. ಬೆಲೆ ಒಂದೇ. 880ರದ್ದನ್ನು ಕಟ್ಟಿ ಕಳಿಸಿದೆ. ಬೆಳೆಯುತ್ತಾನೆ ಅನ್ನುವ ಲೆಕ್ಕಕ್ಕೆ ನಾನು ಒಪ್ಪುವುದು ಒಂದೇ ನಂಬರಿನಷ್ಟು, ಅದೂ ಅಂಚಿನಲ್ಲಿದ್ದರೆ ಮಾತ್ರ. ಎರಡು ನಂಬರ್ ದೊಡ್ಡದು ಕೊಟ್ಟರೆ ಹುಡುಗ ಬೆಳೆಯುವ ಮೊದಲೇ ಕೆಟ್ಟ ಅಭ್ಯಾಸ ಬೆಳೆದಿರುತ್ತದೆ.

ಅದು ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಮೂರು ಪರೀಕ್ಷೆ ಲಿಸ್ಟಿಂಗ್‌ನಲ್ಲೇ ಬರೆದಿದ್ದೇನೆ. ಮೊದಲನೆಯದು, ಶೂ ಹಾಕಿಸಿ ಬ್ಯಾಟಿಂಗಿಗೆ ನಿಂತ ಹಾಗೆ ನಿಲ್ಲಿಸುವುದು. ಬ್ಯಾಟಿನ ಬುಡ ಹಿಂದಿನ ಕಾಲಿನ ಬೆರಳುಗಳ ಹತ್ತಿರ ಇದ್ದಾಗ ಹಿಡಿಕೆಯ ತುದಿ ಮುಂದಿನ ತೊಡೆಯ ಮೇಲ್ಭಾಗಕ್ಕೆ ಒಳಗಿನಿಂದ ಒರಗಬೇಕು. ಹೊಟ್ಟೆಗೆ ತಾಗಿದರೆ ಉದ್ದ ಜಾಸ್ತಿ. ಎರಡನೆಯದು ತೂಕಕ್ಕೆ. ಬಲಗೈ ಆಟಗಾರನಾದರೆ ಎಡಗೈ ಒಂದರಲ್ಲೇ ಹಿಡಿಕೆಯ ಮೇಲ್ಭಾಗ ಹಿಡಿದು, ನೇರವಾಗಿ ಹಿಂದಕ್ಕೆ ಎತ್ತಿ, ಮುಂದಕ್ಕೆ ತರಲಿ. ನಾಲ್ಕೈದು ಸಲ ಮಾಡುವಷ್ಟರಲ್ಲಿ ಬುಡ ಪಕ್ಕಕ್ಕೆ ವಾಲಿದರೆ ಬ್ಯಾಟ್ ಅವನಿಗೆ ಭಾರ.

ಮೂರನೆಯದನ್ನು ಕೊಂಡ ಮೇಲೂ ನೋಡಬಹುದು. ಹುಡುಗ ಆಡುವಾಗ ಕೈ ಎಲ್ಲಿದೆ ಅಂತ ನೋಡಿ. ಬ್ಯಾಟ್ ದೊಡ್ಡದಾದರೆ ಎರಡೂ ಕೈ ಕೆಳಗೆ ಜಾರಿ, ಮೇಲಿನ ಕೈ ಆಚೆ ಹಿಡಿಕೆ ಎರಡು ಮೂರು ಇಂಚು ಹೊರಗೆ ಉಳಿದಿರುತ್ತದೆ. ನೇರ ಡ್ರೈವ್ ಹೊಡೆಯಲು ಹೋದಾಗ ಆ ತುಂಡು ಹೊಟ್ಟೆಗೋ ಮುಂಗೈಗೋ ತಾಗುತ್ತದೆ. ತಾಗಬಾರದು ಅಂತ ಹುಡುಗ ಬ್ಯಾಟನ್ನು ಅಡ್ಡಕ್ಕೆ ಬೀಸುತ್ತಾನೆ. ನಮ್ಮ ಊರಿನ ಎನ್.ವಿ. ಮೈದಾನದಲ್ಲಿ ಸಂಜೆ ನಿಂತು ನೋಡಿದರೆ ಇಂಥ ಮಕ್ಕಳು ಕಾಣಿಸುತ್ತಾರೆ. ನೇರ ಬರುವ ಬಾಲನ್ನೂ ಲೆಗ್ ಕಡೆಗೇ ಎಳೆಯುತ್ತಾರೆ. ಅವರಿಗೆ ಆಟ ಬರುವುದಿಲ್ಲ ಅಂತಲ್ಲ, ಅಣ್ಣನ ಬ್ಯಾಟ್ ಕೈಯಲ್ಲಿದೆ ಅಷ್ಟೇ.

ಶಹಾಪುರದವರಿಗೂ ವಿಡಿಯೋ ಕಳಿಸಿ ಅಂದಿದ್ದೆ. ಹುಡುಗ ಎಡಗೈ ಒಂದರಲ್ಲಿ ಬ್ಯಾಟ್ ಎತ್ತಿದ್ದು ನೇರವಾಗಿತ್ತು. ಹಿಡಿಕೆ ಮಾತ್ರ ಅವನ ಬೆರಳಿಗೆ ದಪ್ಪ ಇತ್ತು. ಮೇಲೆ ಎರಡು ರಬ್ಬರ್ ಗ್ರಿಪ್ ಇದ್ದವು. ಒಂದನ್ನು ತೆಗೆಸಿದರು, ಸರಿಹೋಯಿತು. ಅಂದಿನಿಂದ ಎಷ್ಟು ಗ್ರಿಪ್ ಇದೆ ಅನ್ನುವುದನ್ನೂ ಬರೆಯುತ್ತಿದ್ದೇನೆ.

ಟೆನಿಸ್ ಬಾಲ್ ಬ್ಯಾಟನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ನಮ್ಮ ಊರಿನ ಗಲ್ಲಿಯಲ್ಲಿ ಅದೇ ಜಾಸ್ತಿ ಓಡುತ್ತದೆ, ಆದರೆ ಅದರ ಆಕಾರ, ತೂಕ ಎರಡೂ ಬೇರೆ. ಅದರಲ್ಲಿ ಲೆದರ್ ಬಾಲ್ ಆಡಿದರೆ ಒಡೆಯುತ್ತದೆ. ಅದಕ್ಕೆ ಲಿಸ್ಟಿಂಗ್‌ನಲ್ಲಿ ಬ್ಯಾಟಿನ ಹೆಸರಿನ ಮೊದಲ ಪದವೇ "ಟೆನಿಸ್" ಅಥವಾ "ಲೆದರ್" ಅಂತ ಇಡುತ್ತೇನೆ.

ಎತ್ತರದಿಂದ ಬ್ಯಾಟ್ ಸಿಗುತ್ತದೆ, ಉಳಿದ ಸಾಮಾನು ಸಿಗುವುದಿಲ್ಲ. "ಐದನೇ ನಂಬರ್ ಪೂರ್ತಿ ಕಿಟ್ ಕೊಡ್ರಿ" ಅಂತ ಕೇಳುವವರು ಬಹಳ. ಕಿಟ್‌ನ ಒಂದೊಂದಕ್ಕೂ ಅಳತೆ ಬೇರೆ. ಪ್ಯಾಡಿಗೆ ಮೊಣಕಾಲಿನ ನಡುವಿನಿಂದ ಪಾದದ ಮೇಲಿನವರೆಗೆ ಅಳೆಯಬೇಕು. ಮೊಣಕಾಲು ಪ್ಯಾಡಿನ ಉಬ್ಬಿನ ನಡುವೆಯೇ ಕೂರಬೇಕು. ಮೇಲೆ ಕೆಳಗೆ ಆದರೆ ಓಡುವಾಗ ತೊಡರುತ್ತದೆ. ಗ್ಲೌಸಿಗೆ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿವರೆಗೆ. ಹೆಲ್ಮೆಟಿಗೆ ಹುಬ್ಬಿನ ಸ್ವಲ್ಪ ಮೇಲೆ, ತಲೆಯ ಸುತ್ತ ಟೇಪ್ ಹಿಡಿದು.

ಹೆಲ್ಮೆಟನ್ನು ಮಾತ್ರ ಅಳತೆ ಬಾರದೆ ನಾನು ಕಳಿಸುವುದೇ ಇಲ್ಲ. ದೊಡ್ಡ ಪ್ಯಾಡ್ ಕೊಂಡರೆ ಓಟ ನಿಧಾನ ಆಗುತ್ತದೆ. ದೊಡ್ಡ ಹೆಲ್ಮೆಟ್ ಕೊಂಡರೆ ತಲೆ ಆಡಿಸಿದಾಗ ಅದು ಕಣ್ಣಿನ ಮೇಲೆ ಇಳಿಯುತ್ತದೆ, ಬಾಲ್ ಬಿದ್ದರೆ ತಿರುಗಿಬಿಡುತ್ತದೆ. ಪಟ್ಟಿ ಕಟ್ಟಿ ತಲೆ ಅಡ್ಡ ಆಡಿಸಿದಾಗ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ಹಿಂದೆ ಉಳಿಯಬಾರದು. ಹಣೆಯ ಮೇಲಿನ ಅಂಚಿಗೂ ಮುಖದ ಮುಂದಿನ ಕಂಬಿಗೂ ನಡುವಿನ ಸಂದಿಯಲ್ಲಿ ಅವನು ಆಡುವ ಬಾಲ್ ತೂರಬಾರದು. ಆ ಸಂದಿಯನ್ನು ನಾನೇ ಬಾಲ್ ಹಿಡಿದು ನೋಡಿ, ಫೋಟೊ ತೆಗೆದು ಹೆಲ್ಮೆಟಿನ ಜೊತೆ ಹಾಕುತ್ತೇನೆ. ಮುಂದಿನ ವರ್ಷಕ್ಕೂ ಆಗಲಿ ಅಂತ ಹೆಲ್ಮೆಟ್ ದೊಡ್ಡದು ಕೇಳಿದವರಿಗೆ ಇಲ್ಲ ಅನ್ನುತ್ತೇನೆ, ಆರ್ಡರ್ ಹೋದರೂ ಪರವಾಗಿಲ್ಲ.