ಅಜ್ಜನ ಫೋಟೋ ಕೆಳಗಿಳಿಸಿ ಬೈಸಿಕೊಂಡೆ, ಆಮೇಲೆ ಆರ್ಡರ್ ಬಂತು

ಗೋಕಾಕ ಕಡೆಯ ಒಂದು ಕರದಂಟಿನ ಅಂಗಡಿ. ಮೂರು ತಲೆಮಾರಿನಿಂದ ಮನೆಯವರೇ ನಡೆಸುತ್ತಿದ್ದಾರೆ. ಅವರ ವೆಬ್‌ಸೈಟಿನ 'ನಮ್ಮ ಬಗ್ಗೆ' ಪುಟವನ್ನು ನಾನು ನಾಲ್ಕು ಸಲ ಬರೆದೆ. ಮೂರು ಸಲ ಕೆಟ್ಟಿತು, ನಾಲ್ಕನೇದು ನಿಂತಿತು. "ಆ ಪುಟ ಯಾರೂ ಓದಲ್ಲ, ಅಲ್ಲಿ ಯಾಕೆ ಟೈಮ್ ಹಾಳು ಮಾಡ್ತೀಯ" ಅಂದಿದ್ದ ನನ್ನ ಡಿಸೈನರ್ ಗೆಳೆಯನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂತ ಇಟ್ಟುಕೊಳ್ಳಿ.

ಹಳೇ ಪುಟ ಹೇಗಿತ್ತು ಅಂತ ನಿಮಗೇ ಗೊತ್ತಿರುತ್ತದೆ, ಇಂಥ ಕೆಲಸ ಮಾಡುವ ಎಲ್ಲರೂ ನೋಡಿರುತ್ತೀರಿ. ಸುಮಾರು 1,100 ಪದ. ಅಜ್ಜ ಎತ್ತಿನ ಗಾಡಿಯಲ್ಲಿ ಸಂತೆಗೆ ಹೋದದ್ದು, ಅಪ್ಪ ಎರಡನೇ ಅಂಗಡಿ ತೆಗೆದದ್ದು, ಅದನ್ನು ಮುಚ್ಚಿದ್ದು, ಯಾರ್ಯಾರೋ ಶಾಲು ಹೊದಿಸಿದ್ದು, 'ಗುಣಮಟ್ಟವೇ ನಮ್ಮ ಉಸಿರು'. ಕೂತು ಎಣಿಸಿದೆ. 'ನಾವು', 'ನಮ್ಮ' ಅರವತ್ತರ ಮೇಲೆ ಇತ್ತು. 'ನೀವು', 'ನಿಮ್ಮ' ಐದೇ ಐದು, ಅದರಲ್ಲೂ ಒಂದು 'ನಿಮ್ಮ ಸೇವೆಯಲ್ಲಿ'. ಕರದಂಟು ಕೊಳ್ಳೋಕೆ ಬಂದವರು ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಮೊದಲ ಸಲ ನಾನು ಮಾಡಿದ್ದು ಸೋಮಾರಿ ಕೆಲಸ. 'ನಾವು' ಇದ್ದಲ್ಲೆಲ್ಲ 'ನೀವು' ಬರುವ ಹಾಗೆ ವಾಕ್ಯ ತಿರುಗಿಸಿ 300 ಪದಕ್ಕೆ ಇಳಿಸಿದೆ. 'ನಿಮ್ಮ ಸಂಭ್ರಮ, ನಿಮ್ಮ ಬಾಂಧವ್ಯ, ನಿಮ್ಮ ಸಿಹಿ ಕ್ಷಣ.' ಓದಿದರೆ ಇನ್ಶೂರೆನ್ಸ್ ಏಜೆಂಟ್ ಮಾತಾಡಿದ ಹಾಗಿತ್ತು. ಅದರ ಮೇಲೆ ಅಜ್ಜನ ಫೋಟೋ ಮೇಲಿಂದ ತೆಗೆದು ಕೊನೆಗೆ ಹಾಕಿದ್ದೆ. ಯಜಮಾನರು ಫೋನ್ ಮಾಡಿ, "ಅಲ್ರೀ, ರೊಕ್ಕ ಕೊಟ್ಟು ನಮ್ಮ ಅಜ್ಜನ್ನ ನಾವಽ ಹೊರಗ ಹಾಕಿಸಿಕೊಂಡಂಗ ಆತಲ್ರೀ" ಅಂದರು. ಅವರು ಹೇಳಿದ್ದು ತಪ್ಪೇನಲ್ಲ.

ಎರಡನೇ ಸಲ ಇನ್ನೂ ಕೆಟ್ಟದ್ದು. ಕಥೆ ಬೇಕು ಅಂದುಕೊಂಡು ಒಂದು ಕಥೆ ಹೊಸೆದೆ. ಅಮೆರಿಕದಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗ, ಹೊರಗೆ ಹಿಮ, ಊರಿಂದ ಬಂದ ಡಬ್ಬಿ, ಕಣ್ಣಲ್ಲಿ ನೀರು. ನನಗೆ ಬಹಳ ಇಷ್ಟವಾಗಿತ್ತು. ಯಜಮಾನರ ಮಗ ಓದಿ, "ಅಣ್ಣಾ, ಇವ ಯಾರು? ನಾವು ಅಮೆರಿಕಾಕ್ಕ ಕಳಸೂದಽ ಇಲ್ಲಲ್ಲ" ಅಂದ. ಅಲ್ಲಿಗೆ ಮುಗಿಯಿತು. ಆ ಪುಟ ಬಂದು ಹದಿನೈದು ದಿನ ಆಗಿದ್ದಿರಬಹುದು, ಅಷ್ಟರಲ್ಲಿ ಇಬ್ಬರು ವಿದೇಶಕ್ಕೆ ಎಷ್ಟಾಗುತ್ತೆ ಅಂತ ಕೇಳಿ, ಇಲ್ಲ ಅಂದಾಗ ಸಿಟ್ಟಾಗಿದ್ದರಂತೆ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಟ್ಟು 12,000ಕ್ಕೆ ಒಪ್ಪಿದ್ದೆ, 4,000 ಮುಂಗಡ. ಇಷ್ಟೊತ್ತಿಗೆ ಎರಡು ತಿಂಗಳು ಹೋಗಿತ್ತು, ಮುಂಗಡ ಪೆಟ್ರೋಲು ಊಟಕ್ಕೇ ಕರಗಿತ್ತು. ಅವರು ಅದಕ್ಕೂ ಮುಂಚೆ ಬೇರೆ ಯಾರಿಗೋ ಸೈಟ್ ಮಾಡಿಸೋಕೆ 35,000 ಕೊಟ್ಟು ಕೈ ಸುಟ್ಟುಕೊಂಡಿದ್ದರು. ಹಾಗಾಗಿ ನನ್ನ ಮೇಲೂ ನಂಬಿಕೆ ಅಷ್ಟಕ್ಕಷ್ಟೇ.

ಆಮೇಲೆ ಬರೆಯೋದು ಬಿಟ್ಟು ಅಂಗಡಿಗೆ ಹೋಗಿ ಕೂತೆ. ಎರಡು ದಿನ, ಗಲ್ಲಾ ಪಕ್ಕದ ಸ್ಟೂಲ್ ಮೇಲೆ. ಬಂದವರು ಏನು ಕೇಳುತ್ತಾರೋ ಅದನ್ನು ಅವರ ಮಾತಲ್ಲೇ ಬರೆದುಕೊಂಡೆ, ನಾನು ತಿದ್ದಲಿಲ್ಲ. ಮಗನ ಫೋನಲ್ಲಿದ್ದ ಹಳೇ ವಾಟ್ಸಾಪ್ ಮಾತುಕತೆಗಳನ್ನೂ ಅವನನ್ನೇ ಓದಿ ಹೇಳು ಅಂದೆ. ಹೆಸರು ನಂಬರು ನನಗೆ ಬೇಡ, ಪ್ರಶ್ನೆ ಸಾಕು. ಎಲ್ಲಾ ಸೇರಿ ಒಂದು ಎಂಬತ್ತು ಪ್ರಶ್ನೆ ಆಯಿತು. ರುಚಿ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಎಷ್ಟು ವರ್ಷದ ಅಂಗಡಿ ಅಂತಲೂ ಕೇಳಲಿಲ್ಲ. ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರು ಕೇಳಿದ್ದು ಒಂದೇ: "ಹಲ್ಲಿಗೆ ಅಂಟತೈತೇನ್ರಿ?"

ಅದರಲ್ಲೂ ಒಬ್ಬ ತಾಯಿ ನೆನಪಿದ್ದಾರೆ. ಮಗಳ ಬಾಣಂತನಕ್ಕೆ ಮೂರು ಕಿಲೋ ಬೇಕು ಅಂತ ಬಂದಿದ್ದರು. ದರ ಕೇಳುವ ಮೊದಲು ಒಂದು ಚೂರು ಈಸಿಕೊಂಡು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಮುರಿದರು. ಒಳಗಿನ ಬಿಳಿ ಅಂಟಿನ, ಅಂದರೆ ತಿನ್ನುವ ಗೋಂದಿನ, ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರು. ಅದು ಪುಡಿಯಾಯಿತು. ಆಮೇಲೆ "ಕಟ್ರಿ" ಅಂದರು, ಅಷ್ಟೇ. ಇಡೀ ಪುಟ ನನಗೆ ಅಲ್ಲೇ ಸಿಕ್ಕಿತು.

ಯಾಕೆ ಅಂದರೆ, ಅಂಟು ಕರಿಯೋದರಲ್ಲೇ ಎಲ್ಲಾ ಇರೋದು. ತುಪ್ಪದಲ್ಲಿ ಹದವಾದ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದರೆ ಕಾಳು ಒಳಗಿನವರೆಗೂ ಅರಳಿ ಹಗುರಾಗುತ್ತದೆ. ಉರಿ ಜಾಸ್ತಿಯಾದರೆ ಅಥವಾ ಒಂದೇ ಸಲ ಸುರಿದರೆ, ಹೊರಗೆ ಕೆಂಪಾಗುತ್ತದೆ, ನಡುವೆ ಹರಳು ಹಾಗೇ ಉಳಿಯುತ್ತದೆ. ಅದೇ ಹಲ್ಲಿಗೆ ಮೆತ್ತೋದು. ಆ ತಾಯಿ ನೋಡಿದ್ದು ಅದನ್ನೇ. ಒಳಗಡೆ ಬಾಣಲೆ ಹತ್ತಿರ ಹೋದರೆ ಕೆಲಸದವನೂ ಪ್ರತಿ ಸಲ ಅದೇ ಮಾಡುತ್ತಿದ್ದ, ಒಂದು ಕಾಳು ಎತ್ತಿ ಆರಿಸಿ ಬೆರಳಲ್ಲಿ ಒತ್ತೋದು. "ಯಾರು ಕಲಿಸಿದ್ದು?" ಅಂದೆ. "ದೊಡ್ಡ ಸಾವ್ಕಾರ್ರು ಇದ್ದಾಗಿಂದ ಹಿಂಗಽ ರೀ." ದೊಡ್ಡ ಸಾಹುಕಾರರು ಅಂದರೆ ಫೋಟೋದ ಅಜ್ಜ.

ಗಲ್ಲಾದಲ್ಲಿ ಕೂರುವ ಅಮ್ಮನಿಗೆ ಎಪ್ಪತ್ತರ ಮೇಲಾಗಿದೆ. ಅವರನ್ನು ಕೇಳಿದೆ. ಅವರ ಅತ್ತೆ ಮೊದಲ ಬಾಣಂತನದಲ್ಲಿ ಹಲ್ಲು ನೋವು ಅಂತ ಕರದಂಟು ತಿನ್ನೋದೇ ಬಿಟ್ಟಿದ್ದರಂತೆ. ಕರದಂಟು ಮಾಡುವವನ ಹೆಂಡತಿಯೇ ತಿನ್ನೋದಿಲ್ಲ ಅಂತ ಊರೆಲ್ಲ ನಕ್ಕಿತ್ತಂತೆ. ಅಜ್ಜ ಒತ್ತಿ ನೋಡೋಕೆ ಶುರು ಮಾಡಿದ್ದು ಆವಾಗಿಂದ. 1,100 ಪದದ ಹಳೇ ಪುಟದಲ್ಲಿ ಇದು ಒಂದು ಸಾಲೂ ಇರಲಿಲ್ಲ ನೋಡಿ! ಮನೆಯವರಿಗೆ ಅದು ಹೇಳಿಕೊಳ್ಳುವ ವಿಷಯ ಅಂತ ಅನಿಸಿಯೇ ಇರಲಿಲ್ಲ.

ಮೂರನೇ ಸಲ ಇದನ್ನೇ ಬರೆದೆ, ಆದರೆ ಪೂರ್ತಿ ಗೋಕಾಕದ ಮಾತಲ್ಲಿ. ಸುಮ್ನೆ ಒಂದು ಪ್ರಯೋಗ. ಅಂಗಡಿಯಲ್ಲಿ ಎಲ್ಲರೂ ನಕ್ಕು ಖುಷಿಪಟ್ಟರು. ಬೆಂಗಳೂರು, ಶಿವಮೊಗ್ಗ ಕಡೆಯ ನಾಲ್ಕು ಜನಕ್ಕೆ ಕಳಿಸಿದರೆ ಇಬ್ಬರು ಅರ್ಧಕ್ಕೇ ಬಿಟ್ಟರು, ಒಬ್ಬಳು ಇದು ಹಾಸ್ಯದ ಪುಟವಾ ಅಂತ ಕೇಳಿದಳು. ಹಾಗಾಗಿ ಬಂದವರು ಆಡಿದ ಮಾತು ಮಾತ್ರ ಅವರ ಬಾಯಲ್ಲಿ ಬಂದ ಹಾಗೇ ಇಟ್ಟು, ಉಳಿದದ್ದು ಸಾದಾ ಕನ್ನಡಕ್ಕೆ ತಂದೆ. ನಾಲ್ಕನೇ ಸಲದ ಪುಟ ಶುರುವಾಗೋದು ಹೀಗೆ:

"ಹಲ್ಲಿಗೆ ಅಂಟತೈತೇನ್ರಿ? ಮಗಳ ಬಾಣಂತನಕ್ಕೆ ಅಂತ ಬರುವವರು ನಮ್ಮ ಗಲ್ಲಾ ಮುಂದೆ ನಿಂತು ಮೊದಲು ಕೇಳುವ ಮಾತು ಇದು. ಕೇಳಲೇಬೇಕು. ಒಂದು ಚೂರು ಕೊಡುತ್ತೇವೆ, ಮುರಿದು ಒಳಗಿನ ಅಂಟನ್ನು ಬೆರಳಲ್ಲಿ ಒತ್ತಿ ನೋಡಿ. ಪುಡಿಯಾಗದಿದ್ದರೆ ಒಯ್ಯಬೇಡಿ."

ಆಮೇಲೆ ಆ ತಾಯಿಯ ಮೂರು ಕಿಲೋ, ಅವರನ್ನು ಕೇಳಿಯೇ ಹಾಕಿದ್ದು, ಹೆಸರಿಲ್ಲದೆ. ಆಮೇಲೆ ಅಜ್ಜಿಯ ಹಲ್ಲು ನೋವು. ಅಜ್ಜ ಬರೋದು ಅಲ್ಲಿ, ಬಂದವರ ಪ್ರಶ್ನೆಗೆ ಉತ್ತರವಾಗಿ. ಫೋಟೋನೂ ಅದರ ಪಕ್ಕದಲ್ಲೇ. ಒಟ್ಟು 260 ಪದದ ಆಸುಪಾಸು. ಶಾಲು, ಸನ್ಮಾನ, ಎರಡನೇ ಅಂಗಡಿ ಎಲ್ಲವನ್ನೂ 'ನಮ್ಮ ಮನೆತನ' ಅಂತ ಬೇರೆ ಪುಟ ಮಾಡಿ ಅಡಿಯಲ್ಲಿ ಲಿಂಕ್ ಕೊಟ್ಟೆ. ಏನನ್ನೂ ಅಳಿಸಲಿಲ್ಲ ಅಂತ ತೋರಿಸಿದ ಮೇಲೆಯೇ ಯಜಮಾನರು ಒಪ್ಪಿದ್ದು.

ಒಪ್ಪಿಸಿದ ರೀತಿಯೂ ಹೇಳಬೇಕು. ಫೋನಿಗೆ ಕಳಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಇರುವಾಗಲೇ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಾನು 'ಗ್ರಾಹಕರು' ಅಂತ ಓದಿದಲ್ಲಿ ಅಮ್ಮ ತಡೆದರು: "ಗ್ರಾಹಕರು ಅಂದ್ರ ಕರೆಂಟ್ ಬಿಲ್‌ನ್ಯಾಗ ಬರತಾರ. ನಮ್ಮಲ್ಲಿ ಬರೂದು ಬಂದವ್ರು." ಆ ಪದ ಹೋಯಿತು. ಅಂಥವು ಇನ್ನೂ ಆರೇಳು ಹೋದವು. ಅಜ್ಜಿಯ ಹಲ್ಲು ನೋವಿಗೆ ಬಂದಾಗ ಕ್ಯೂನಲ್ಲಿದ್ದವರೊಬ್ಬರು ನಕ್ಕರು. ಯಜಮಾನರು ಅವರ ಮುಖ ನೋಡಿದರು, ನನಗೆ ಬೇರೇನೂ ಹೇಳಬೇಕಾಗಲಿಲ್ಲ.

ಎರಡು ಮಾತು ಮಾತ್ರ ಬದಲಿಸಿದೆ. ಹಳೇ ಪುಟದಲ್ಲಿ 'ಬಾಣಂತಿಯರ ಬೆನ್ನು ನೋವು ಗುಣವಾಗುತ್ತದೆ' ಅಂತಿತ್ತು. ತಿನ್ನುವ ಪದಾರ್ಥಕ್ಕೆ ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಹಾಕೋಕೆ ಆಹಾರ ಸುರಕ್ಷತೆಯ 2018ರ ನಿಯಮ ಬಿಡುವುದಿಲ್ಲ. 'ಬಾಣಂತಿಗೆ ಕೊಡುವ ರೂಢಿ' ಅಂತ ಬದಲಿಸಿದೆ. 'ಸಕ್ಕರೆ ಇಲ್ಲ, ಶುಗರ್ ಇದ್ದವರೂ ತಿನ್ನಬಹುದು' ಅಂತ ಇನ್ನೊಂದು. ಬೆಲ್ಲವೂ ಸಕ್ಕರೆಯೇ ಅಲ್ವಾ. ಅದನ್ನು 'ಬೆಲ್ಲದ ಪಾಕದಲ್ಲಿ ಮಾಡಿದ್ದು' ಅಂತಷ್ಟೇ ಇಟ್ಟೆ.

ಲೆಕ್ಕ ಇಡೋಕೆ ಪುಟದ ಕೆಳಗಿನ ವಾಟ್ಸಾಪ್ ಬಟನ್ನಿಗೆ ಒಂದು ಮಾತು ಮೊದಲೇ ತುಂಬಿಸಿಟ್ಟೆ. ಬೇರೆ ಪುಟಗಳ ಬಟನ್ನಿಗೆ ಬೇರೆ ಮಾತು. ಯಾವ ಪುಟದಿಂದ ಬಂದರು ಅಂತ ಮಗನಿಗೆ ಮೆಸೇಜ್ ನೋಡಿದರೇ ಗೊತ್ತಾಗುತ್ತದೆ.

```
https://wa.me/91XXXXXXXXXX?text=ಬಾಣಂತಿಗೆ%20ಕರದಂಟು%20ಬೇಕಿತ್ತು
```

ಮೊದಲು `%20` ಹಾಕದೆ ಪದಗಳ ನಡುವೆ ಜಾಗ ಬಿಟ್ಟು ಲಿಂಕನ್ನು ಗ್ರೂಪುಗಳಿಗೂ ಹಂಚಿದ್ದೆ. ಅಲ್ಲಿ ಲಿಂಕ್ ಮೊದಲ ಪದಕ್ಕೇ ತುಂಡಾಗಿ, ಒಂದು ವಾರ 'ಬಾಣಂತಿಗೆ' ಅಂತಷ್ಟೇ ಮೆಸೇಜು ಬರುತ್ತಿತ್ತು. ಮಗ ಅದಕ್ಕೆಲ್ಲ "ಅಭಿನಂದನೆಗಳು" ಅಂತ ಉತ್ತರ ಕೊಟ್ಟಿದ್ದ.

ಹಳೇ ಪುಟದಿಂದ ತಿಂಗಳಿಗೆ ಮೂರೋ ನಾಲ್ಕೋ ಮೆಸೇಜು ಬರುತ್ತಿದ್ದವು. ಈಗ ಇಪ್ಪತ್ತೈದರ ಹತ್ತಿರ, ಅದರಲ್ಲಿ ಹತ್ತು ಹನ್ನೊಂದು ಆರ್ಡರ್ ಆಗುತ್ತವೆ. ದೀಪಾವಳಿಯ ಮೂರು ವಾರ ಲೆಕ್ಕಕ್ಕೆ ತಗೊಂಡಿಲ್ಲ, ಆವಾಗ ಖಾಲಿ ಪುಟ ಇಟ್ಟರೂ ಮಾರಾಟ ಆಗುತ್ತೆ. ಆರ್ಡರಿನ ತೂಕವೂ ಏರಿದೆ, ಯಾಕೆಂದರೆ ಬಾಣಂತನಕ್ಕೆ ಯಾರೂ ಅರ್ಧ ಕಿಲೋ ಒಯ್ಯೋದಿಲ್ಲ. ಒಂದು ನಷ್ಟವೂ ಇದೆ. ಮದುವೆಗೆ, ಆಫೀಸಿಗೆ ಗಿಫ್ಟ್ ಡಬ್ಬಿ ಕೇಳುವವರು ಈ ಪುಟದಿಂದ ಬರೋದು ಪೂರ್ತಿ ನಿಂತಿದೆ. ಇದು ಬಾಣಂತಿಯರ ಅಂಗಡಿ ಅಂದುಕೊಳ್ಳುತ್ತಾರೋ ಏನೋ. ಅದಕ್ಕೆ ಬೇರೆ ಪುಟ ಮಾಡುತ್ತಿದ್ದೇನೆ.

ಇನ್ನು, ಆ ತಾಯಿಯಂಥವರನ್ನು ಮಾತಿಗೆಳೆಯೋಕೆ ನಾನು ಗಲ್ಲಾ ಪಕ್ಕ ಕೂತು ಮೊದಲು ಕೇಳುವ ಪ್ರಶ್ನೆ ಒಂದಿದೆ. "ಯಾಕೆ ತಗೊಂಡ್ರಿ" ಅಂತ ಕೇಳಿದರೆ ಎಲ್ಲರೂ "ಚಲೋ ಇರತೈತಿ" ಅಂತಾರೆ, ಅಲ್ಲಿಗೆ ಮಾತು ಮುಗೀತು. ನಾನು ಕೇಳೋದು ಬೇರೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೇ ನಿಂತಿದೆ.

ಯಜಮಾನರು ಪುಟವನ್ನು ಪ್ರಿಂಟ್ ತೆಗೆಸಿ ಅಜ್ಜನ ಫೋಟೋ ಪಕ್ಕ ಗಾಜು ಹಾಕಿಸಿ ತೂಗುಹಾಕಿದ್ದಾರೆ. ಬಾಕಿ 8,000ದಲ್ಲಿ 5,000 ಕೊಟ್ಟರು, ಜೊತೆಗೆ ಎರಡು ಕಿಲೋ ಕರದಂಟು ಕಟ್ಟಿಸಿ ಅದರ ದುಡ್ಡನ್ನೂ ಅದರಲ್ಲೇ ಮುರಿದುಕೊಂಡರು. ಮನೆಗೆ ಬಂದು ನಮ್ಮಮ್ಮ ಡಬ್ಬಿ ತೆಗೆದವರೇ ಒಂದು ಚೂರು ಮುರಿದು ಬೆರಳಲ್ಲಿ ಒತ್ತಿದರು. ಉಳಿದ ದುಡ್ಡು ಯುಗಾದಿಗೆ ಕೊಡುತ್ತೇನೆ ಅಂದಿದ್ದಾರೆ.