ಮ್ಯಾನೇಜರ್‌ಗಳ 360 ಡಿಗ್ರಿ ಫೀಡ್‌ಬ್ಯಾಕ್: ಪ್ರಶ್ನೆ ಬರೆಯುವಾಗಲೇ ಜಾಗ್ರತೆ

ಒಬ್ಬ ಮ್ಯಾನೇಜರ್ ಬಗ್ಗೆ ಮೇಲಿನವರು, ಸಹೋದ್ಯೋಗಿಗಳು, ಕೈಕೆಳಗಿನವರು ಹೀಗೆ ಸುತ್ತಲಿನ ಎಲ್ಲರಿಂದ ಅಭಿಪ್ರಾಯ ಪಡೆಯುವುದೇ 360 ಫೀಡ್‌ಬ್ಯಾಕ್. ಅದು ವೈಯಕ್ತಿಕ ದೂರಿನ ಪಟ್ಟಿಯಾಗುವುದು ಹೆಚ್ಚಾಗಿ ಪ್ರಶ್ನೆಯಿಂದಲೇ. "ಇವರು ತಂಡವನ್ನು ಗೌರವಿಸುತ್ತಾರಾ?" ಅಂತ ಕೇಳಿದರೆ ಬರುವುದು ಸ್ವಭಾವದ ಮೇಲಿನ ತೀರ್ಪು. ಅದನ್ನೇ "ಮೀಟಿಂಗ್‌ನಲ್ಲಿ ಬೇರೆಯವರು ಮಾತು ಮುಗಿಸುವ ತನಕ ಕಾಯುತ್ತಾರೆ" ಅಂತ ಬರೆದು, "ಯಾವಾಗಲೂ" ಇಂದ "ಎಂದೂ ಇಲ್ಲ" ತನಕ ಆಯ್ಕೆ ಕೊಡಿ. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕಾಗುತ್ತದೆ. "ನಾನು ನೋಡಿಲ್ಲ" ಅನ್ನುವ ಆಯ್ಕೆಯೂ ಇರಲಿ, ಇಲ್ಲದಿದ್ದರೆ ಜನ ಸುಮ್ನೆ ಮಧ್ಯದ ಅಂಕ ಒತ್ತುತ್ತಾರೆ.

ಜಾಸ್ತಿ ಗಾಯ ಮಾಡುವುದು ಕಾಮೆಂಟ್ ಬಾಕ್ಸ್. "ಇನ್ನೇನಾದರೂ ಹೇಳುವುದಿದೆಯೇ?" ಅಂತ ಖಾಲಿ ಬಿಡಬೇಡಿ, ಅದು ಸಿಟ್ಟು ಕಾರುವ ಜಾಗವಾಗುತ್ತದೆ. ಮೂರು ಸಾಲು ಕೇಳಿ: ಯಾವ ಸಂದರ್ಭ, ಅವರು ಏನು ಮಾಡಿದರು, ಅದರಿಂದ ನಿಮ್ಮ ಕೆಲಸಕ್ಕೆ ಏನಾಯಿತು. ಆಗ "ಅಹಂಕಾರಿ" ಅನ್ನುವ ಮಾತು ಹೀಗಾಗುತ್ತದೆ: "ರಿಲೀಸ್ ಹಿಂದಿನ ದಿನ ನಮ್ಮನ್ನು ಕೇಳದೆ ಕೆಲಸದ ಪಟ್ಟಿ ಬದಲಿಸಿದರು, ಟೆಸ್ಟಿಂಗ್ ಅರ್ಧಕ್ಕೆ ನಿಂತಿತು." ಇದನ್ನು ಮ್ಯಾನೇಜರ್ ತಿದ್ದಿಕೊಳ್ಳಬಹುದು. ಅಹಂಕಾರವನ್ನು ಹೇಗೆ ತಿದ್ದುವುದು, ಹೇಳಿ?

ಆದರೆ ಇಷ್ಟು ವಿವರವಿದ್ದರೆ ಬರೆದವರು ಯಾರೆಂದು ಗೊತ್ತಾಗಿಬಿಡಬಹುದು, ಅಲ್ವಾ? ಹಾಗಾಗಿ ಕೈಕೆಳಗಿನವರ ಗುಂಪಿನಲ್ಲಿ ಕನಿಷ್ಠ ಮೂವರ ಉತ್ತರ ಬರದಿದ್ದರೆ ಆ ಗುಂಪನ್ನು ಬೇರೆಯಾಗಿ ತೋರಿಸಬೇಡಿ, ಸಹೋದ್ಯೋಗಿಗಳ ಉತ್ತರದೊಂದಿಗೆ ಸೇರಿಸಿ. ಇಬ್ಬರೇ ಇರುವ ತಂಡದ ಕಾಮೆಂಟ್‌ಗಳನ್ನು ನಾನಂತೂ ಮ್ಯಾನೇಜರ್‌ಗೆ ಇದ್ದಹಾಗೆ ಕೊಡುವುದಿಲ್ಲ, ಸಾರಾಂಶ ಮಾತ್ರ.

ಇನ್ನೊಂದು ಮಾತು, ಇದನ್ನು ಸಂಬಳ ಏರಿಕೆಗೆ ಜೋಡಿಸಬೇಡಿ. ಜೋಡಿಸಿದರೆ ಸ್ನೇಹಿತರು ಅಂಕ ಏರಿಸುತ್ತಾರೆ, ಆಗದವರು ಇಳಿಸುತ್ತಾರೆ.