ಹಕ್ಕಳೆಯ ಕೆಳಗೆ ತಲುಪಬೇಕು ಮುಲಾಮು

ಮಗುವಿನ ಮೂಗಿನ ಕೆಳಗೆ, ತುಟಿಯ ಅಂಚಿನಲ್ಲಿ ಜೇನು ಸುರಿದು ಒಣಗಿದಂಥ ಹಳದಿ ಹಕ್ಕಳೆ ಕಂಡರೆ ದಾವಣಗೆರೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು ಕುಡಿಸುತ್ತಾರೆ, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ನಾಲ್ಕು ದಿನದಲ್ಲಿ ಒಂದು ಹುಣ್ಣು ಮೂರಾಗಿರುತ್ತದೆ. ಇದು ಉಷ್ಣವಲ್ಲ, ಇಂಪೆಟಿಗೊ; ಚರ್ಮದ ಮೇಲ್ಪದರಕ್ಕೆ ಸ್ಟ್ಯಾಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ತಗಲುವ ಸೋಂಕು. ನೆಗಡಿಯಲ್ಲಿ ಮೂಗು ಒರೆಸಿ ಒರೆಸಿ ಕೆಂಪಾದ ಚರ್ಮ, ಕೆರೆದ ಸೊಳ್ಳೆ ಕಡಿತ ಇದರ ಬಾಗಿಲು.

ಮೊದಲು ಗುರುತಿಸಿ. ಕೆಂಪು ಗುಳ್ಳೆ ಬೇಗ ಒಡೆದು, ಸೋರಿದ ರಸ ಒಣಗಿ ಹಳದಿ ಹಕ್ಕಳೆಯಾಗುತ್ತದೆ. ಅದರ ಬದಲು ಉರಿಯುವ ಸಣ್ಣ ನೀರುಗುಳ್ಳೆಗಳು ಗೊಂಚಲಾಗಿ ಎದ್ದು, ಪದೇ ಪದೇ ಅದೇ ಜಾಗದಲ್ಲಿ ಬಂದರೆ ಹರ್ಪಿಸ್ ಇರಬಹುದು. ಅದು ವೈರಸ್, ಬ್ಯಾಕ್ಟೀರಿಯಾ ಕೊಲ್ಲುವ ಮುಲಾಮಿಗೆ ಬಗ್ಗುವುದಿಲ್ಲ.

ವೈದ್ಯರಿಗೆ ತೋರಿಸಿ. ಒಂದನೇ ತರಗತಿಯ ಮಗುವಿಗೆ ಬಾಯಿಯ ಸುತ್ತ ಮಾತ್ರ ಮೂರು ಹುಣ್ಣು, ಜ್ವರವಿಲ್ಲ ಎಂದುಕೊಳ್ಳಿ. ಇಂಥ ಕಡೆ ಆಂಟಿಬಯೋಟಿಕ್ ಮುಲಾಮು ಸಾಕು. ಸಾಮಾನ್ಯವಾಗಿ ಶೇ 2ರ ಮ್ಯೂಪಿರೋಸಿನ್ ಅಥವಾ ಫ್ಯೂಸಿಡಿಕ್ ಆ್ಯಸಿಡ್, ದಿನಕ್ಕೆ ಮೂರು ಸಲ, ಐದು ದಿನ ಬರೆದುಕೊಡುತ್ತಾರೆ. ಹುಣ್ಣು ಐದಾರಕ್ಕಿಂತ ಹೆಚ್ಚಿದ್ದರೆ, ಕೈಕಾಲಿಗೂ ಹರಡಿದ್ದರೆ, ದೊಡ್ಡ ಬೊಬ್ಬೆ ಎದ್ದಿದ್ದರೆ, ಜ್ವರ ಬಂದಿದ್ದರೆ ಅಥವಾ ಮನೆಯ ಹಲವರಿಗೆ ಒಟ್ಟಿಗೆ ತಗಲಿದ್ದರೆ ಹೊಟ್ಟೆಗೆ ಕೊಡುವ ಔಷಧವೇ ಬೇಕಾಗಬಹುದು. ಹಾಲುಗೂಸಿಗಾದರೆ ಒಂದೇ ಹುಣ್ಣಿದ್ದರೂ ಕಾಯಬೇಡಿ.

ಮೆಡಿಕಲ್ ಶಾಪಿನಲ್ಲಿ ‘ಎಲ್ಲಾ ಕಜ್ಜಿಗೂ ಒಂದೇ’ ಎಂದು ಕೊಡುವ ಮಿಶ್ರ ಕ್ರೀಮ್ ಬೇಡವೇ ಬೇಡ. ಅದರಲ್ಲಿರುವ ಸ್ಟೀರಾಯ್ಡ್ ಎರಡು ದಿನ ಕೆಂಪು ಇಳಿಸಿ ವಾಸಿಯಾದ ಭ್ರಮೆ ಹುಟ್ಟಿಸುತ್ತದೆ, ಸೋಂಕು ಒಳಗೇ ಹರಡುತ್ತದೆ.

ಹಕ್ಕಳೆ ನೆನೆಸಿ. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ಒಣ ಹಕ್ಕಳೆಯ ಮೇಲೆ ಹಚ್ಚಿದ ಮುಲಾಮು ಸಿಪ್ಪೆಗೆ ಸವರಿದಂತೆ. ಬ್ಯಾಕ್ಟೀರಿಯಾ ಇರುವುದು ಕೆಳಗೆ. ಹಾಗೆಂದು ಉಗುರಿನಿಂದ ಕಿತ್ತರೆ ರಕ್ತ ಬಂದು ಹುಣ್ಣು ಅಗಲವಾಗುತ್ತದೆ, ಕಿತ್ತ ಉಗುರೇ ಸೋಂಕನ್ನು ಮುಂದಿನ ಜಾಗಕ್ಕೆ ಒಯ್ಯುತ್ತದೆ.

ಮೊದಲು ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರಿನಲ್ಲಿ ಶುದ್ಧ ಹತ್ತಿ ಬಟ್ಟೆ ಅದ್ದಿ, ಹಿಂಡಿ, ಹಕ್ಕಳೆಯ ಮೇಲಿಡಿ. ಆರಿದಂತೆ ಮತ್ತೆ ಅದ್ದುತ್ತಾ ಐದರಿಂದ ಹತ್ತು ನಿಮಿಷ ಹಿಡಿಯಿರಿ. ಮಗು ಸುಮ್ಮನೆ ಕೂರದಿದ್ದರೆ ಕಥೆ ಹೇಳಿ. ಎರಡೇ ನಿಮಿಷಕ್ಕೆ ಮುಗಿಸಿದರೆ ಪ್ರಯೋಜನವಿಲ್ಲ. ಮೆತ್ತಗಾದ ಹಕ್ಕಳೆಯನ್ನು ಸ್ವಲ್ಪ ಸೋಪಿನ ನೀರಿನಿಂದ ಹಗುರವಾಗಿ ಒರೆಸಿ. ಬಂದಷ್ಟು ಬರಲಿ, ಅಂಟಿಕೊಂಡಿದ್ದನ್ನು ಮುಂದಿನ ಸಲಕ್ಕೆ ಬಿಡಿ. ಕೆಳಗೆ ಕೆಂಪಾದ, ತೇವದ ಚರ್ಮ ಕಂಡರೆ ಸರಿಯಾಗಿ ಆಗಿದೆ ಎಂದರ್ಥ. ಡೆಟಾಲ್ ಸುರಿಯಬೇಡಿ, ಹಸಿ ಚರ್ಮ ಸುಡುತ್ತದೆ. ಒತ್ತಿ ಒಣಗಿಸಿ. ಆ ಬಟ್ಟೆ ಮತ್ತೊಬ್ಬರ ಮುಖಕ್ಕೆ ತಾಗಕೂಡದು, ಬಿಸಿನೀರಿಗೆ ಹಾಕಿ.

ಹಚ್ಚಿ. ಹತ್ತಿಕಡ್ಡಿಯ ಮೇಲೆ ಸ್ವಲ್ಪ ಮುಲಾಮು ತೆಗೆದು ತೆಳುವಾಗಿ, ಹುಣ್ಣಿನ ಅಂಚು ದಾಟುವಷ್ಟು ಹಚ್ಚಿ. ಟ್ಯೂಬಿನ ಬಾಯಿ ಹುಣ್ಣಿಗೆ ತಾಗಿಸಬೇಡಿ. ಬಾಯಿಯ ಹತ್ತಿರವಾದ್ದರಿಂದ ತಿಂಡಿ, ಊಟ ಮುಗಿದ ಮೇಲೆಯೇ ಹಚ್ಚಬೇಕು, ಇಲ್ಲವಾದರೆ ಮಗು ನೆಕ್ಕಿಬಿಡುತ್ತದೆ. ಎರಡನೇ ದಿನಕ್ಕೆ ಒಣಗಿತೆಂದು ನಿಲ್ಲಿಸಬೇಡಿ, ಹದಿನೈದು ಸಲ ಪೂರ್ತಿ ಆಗಲಿ. ಮೂರು ದಿನವಾದರೂ ಹೊಸ ಹುಣ್ಣು ಏಳುತ್ತಿದ್ದರೆ ಟ್ಯೂಬ್ ಬದಲಿಸುವುದಲ್ಲ, ವೈದ್ಯರಲ್ಲಿಗೆ ಮರಳಬೇಕು. ರಾತ್ರಿ ಮೈಯೆಲ್ಲಾ ಕೆರೆದುಕೊಳ್ಳುವ ಮಗುವಿಗೆ ಇದರ ಹಿಂದೆ ಸ್ಕೇಬೀಸ್ ಎಂಬ ತುರಿಕಜ್ಜಿ ಇರಬಹುದು, ಅದಕ್ಕೂ ಮದ್ದು ಮಾಡದೆ ಇದು ಹೋಗದು.

ಶಾಲೆ. ಬಿಸಿಯೂಟದ ಹೊತ್ತಿಗೆ ಕೈ ತೊಳೆದು ಎಲ್ಲರೂ ಒರೆಸುವ ಒಂದೇ ಟವೆಲ್, ಬಾಯಿ ಮುಟ್ಟಿದ ಕೈಯಲ್ಲೇ ಪಕ್ಕದವರನ್ನು ಹಿಡಿದು ಆಡುವ ಆಟ, ಇವೇ ಇದರ ದಾರಿ. ತಗಲಿದ ಮೇಲೆ ಹುಣ್ಣು ಕಾಣಲು ನಾಲ್ಕರಿಂದ ಹತ್ತು ದಿನ ಬೇಕಾಗಬಹುದು. ಹೀಗಾಗಿ ಯಾರಿಂದ ಬಂತೆಂದು ಹುಡುಕುವ ಬದಲು ಟೀಚರಿಗೆ ತಿಳಿಸಿ. ಚಿಕಿತ್ಸೆ ಶುರುವಾದ ನಂತರ ಎರಡು ದಿನ ಮನೆಯಲ್ಲೇ ಇರಲಿ: ಶನಿವಾರ ಸಂಜೆ ಮೊದಲ ಸಲ ಹಚ್ಚಿದರೆ ಮಂಗಳವಾರ ಶಾಲೆ. ಉಗುರು ಕತ್ತರಿಸಿ, ಬೇರೆ ಟವೆಲ್, ಬೇರೆ ದಿಂಬಿನ ಕವರ್ ಕೊಡಿ.

ಹುಣ್ಣು ವಾಸಿಯಾದ ಮೇಲೂ ಕೆಲವು ವಾರ ಮೂತ್ರದ ಬಣ್ಣ ಗಮನಿಸಿ. ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಅಪರೂಪಕ್ಕೆ ಮೂತ್ರಪಿಂಡ ಊದಿಕೊಳ್ಳುವುದುಂಟು. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಚಹಾ ಡಿಕಾಕ್ಷನ್‌ನಂಥ ಕಪ್ಪು ಮೂತ್ರ ಕಂಡರೆ ಅದೇ ದಿನ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹತ್ತಿರದ ಮಕ್ಕಳ ವೈದ್ಯರಲ್ಲಿಗೋ ಕರೆದೊಯ್ಯಿರಿ.